ರಿವರ್ ಟಚ್

ನಾನು ಕಾರ್ಖಾನೆಯ ಊರಿನ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು ನಿವೃತ್ತಳಾದವಳು. ಪಾಳಿ ಬದಲಾಗುವಾಗ ಮುಂದಿನವರಿಗೆ ರೋಗಿಗಳ ಸ್ಥಿತಿ ಬರೆದು ಒಪ್ಪಿಸುವುದು ನಮ್ಮ ಪದ್ಧತಿ. ಬರುವವಳು ರೋಗಿಯನ್ನು ನೋಡುವ ಮೊದಲು ನನ್ನ ಬರಹವನ್ನು ನೋಡುತ್ತಾಳೆ. 'ಜ್ವರ ಸ್ವಲ್ಪ ಇದೆ' ಎಂದು ಬರೆದರೆ ನಮ್ಮ ಮೇಲಿನವರು ಬೈಯುತ್ತಿದ್ದರು. ಸ್ವಲ್ಪ ಅಂದರೆ ಎಷ್ಟು, ಯಾವಾಗ ನೋಡಿದೆ, ಏನು ಕೊಟ್ಟೆ, ಎಲ್ಲ ಬೇಕು. ನಿವೃತ್ತಿಯಾದ ಮೇಲೂ ಈ ಅಭ್ಯಾಸ ಬಿಡಲಿಲ್ಲ. ಮನೆಯವರಿಗೆ ಅದು ಬೇಸರದ ವಿಷಯವೇ ಆಗಿತ್ತು. ಒಮ್ಮೆ ಮಾತ್ರ ನನ್ನ ತಮ್ಮನ ಹೆಂಡತಿ ಅದನ್ನೇ ಕೇಳಿಕೊಂಡು ದಾಂಡೇಲಿಯ ನನ್ನ ಮನೆಗೆ ಬಂದಳು.

ನನ್ನ ತಮ್ಮ ಕಾರ್ಖಾನೆಯ ಕೆಲಸ ಬಿಟ್ಟು, ಜೋಯಿಡಾ ತಾಲ್ಲೂಕಿನಲ್ಲಿ, ಸೂಪಾ ಅಣೆಕಟ್ಟೆಯಿಂದ ಕೆಳಗೆ, ಒಂದು ತುಂಡು ಜಮೀನು ಮತ್ತು ಹಳೆಯ ಹೆಂಚಿನ ಮನೆ ಕೊಂಡಿದ್ದ. ಆಗ ಕಾಳಿ ನದಿಯಲ್ಲಿ ರಬ್ಬರ್ ದೋಣಿಯ ಆಟಕ್ಕೆಂದು ಹುಬ್ಬಳ್ಳಿ, ಬೆಳಗಾವಿ, ಪುಣೆಯ ಕಡೆಯಿಂದ ಜನ ಬರತೊಡಗಿದ್ದರು. ಅವರನ್ನು ನೆಚ್ಚಿಕೊಂಡು ಇವರು ಮನೆಯ ಪಕ್ಕ ಎರಡು ಕೋಣೆ ಕಟ್ಟಿಸಿ ಹೋಮ್‌ಸ್ಟೇ ಶುರು ಮಾಡಿದರು. ತಮ್ಮನಿಗೆ ಜಮೀನಿನ ಕೆಲಸ. ಹೋಮ್‌ಸ್ಟೇ ಅವನ ಹೆಂಡತಿಯದು. ಅಡುಗೆ, ಹಾಸಿಗೆ, ಬಿಸಿನೀರು, ಫೋನು ಎಲ್ಲ ಅವಳೇ. ಲ್ಯಾಂಡ್‌ಲೈನ್ ಬಿಟ್ಟರೆ ಅಲ್ಲಿ ಬೇರೆ ಫೋನು ಹಿಡಿಯುತ್ತಿರಲಿಲ್ಲ.

ಕೋಣೆಗಳನ್ನು ಇಂಟರ್ನೆಟ್ಟಿನ ಬುಕಿಂಗ್ ತಾಣಕ್ಕೆ ಹಾಕಿಕೊಟ್ಟವನು ದಾಂಡೇಲಿಯ ಸೈಬರ್ ಕೆಫೆಯವನು. ತಮ್ಮ ಹೇಳಿದ್ದನ್ನು ಅವನು ಇಂಗ್ಲಿಷಿನಲ್ಲಿ ಟೈಪು ಮಾಡಿದ, ನಾಲ್ಕು ಫೋಟೊ ಏರಿಸಿದ. ತಲೆಬರಹ 'ದಾಂಡೇಲಿ ರಿವರ್ ಟಚ್ ಜಂಗಲ್ ಹೋಮ್‌ಸ್ಟೇ'.

ದೀಪಾವಳಿಗೆ ಸ್ವಲ್ಪ ಮುಂಚೆ ಬೆಳಗಾವಿಯ ಐದಾರು ಹುಡುಗರು ಈಜುವ ಬಟ್ಟೆ, ಗಾಳಿ ತುಂಬಿದ ಟ್ಯೂಬು ತಂದು ಇಳಿದರು. ಅಂಗಳದಲ್ಲಿ ನಿಂತು ನದಿ ಎಲ್ಲಿ ಎಂದು ಕೇಳಿದರು. ನದಿ ಇರುವುದು ಜಮೀನಿನ ಕೆಳತುದಿಯಲ್ಲಿ. ನಡುವೆ ಕಡಿದಾದ ಇಳಿಜಾರು, ಕಲ್ಲು, ಬಿದಿರು ಮೆಳೆ. ಅವರು ಹಟ ಹಿಡಿದು ಇಳಿದರು. ಅಣೆಕಟ್ಟೆಯ ಕರೆಂಟ್ ಮನೆಯಲ್ಲಿ ಯಂತ್ರ ಓಡಿಸಿದಾಗ ಅಲ್ಲಿ ನೀರು ಏರುತ್ತದೆ. ಬೆಳಿಗ್ಗೆ ಕಂಡ ಬಂಡೆ ಮಧ್ಯಾಹ್ನ ಕಾಣುವುದಿಲ್ಲ. ಅಂದು ಹಾಗೇ ಆಯಿತು. ತಮ್ಮನ ಹೆಂಡತಿ ಮೇಲಿನಿಂದ ಕೂಗಿ ಕೂಗಿ ಅವರನ್ನು ಹತ್ತಿಸಿಕೊಂಡಳು. ಯಾರಿಗೂ ಏನೂ ಆಗಲಿಲ್ಲ. ಆದರೆ ಹುಡುಗರು ಸಿಟ್ಟಾಗಿ ಅಂದೇ ಹೊರಟುಹೋದರು, ತಾಣದಲ್ಲಿ 'ಟಚ್ ಎಲ್ಲಿದೆ?' ಎಂದು ಬರೆದರು. ತಾಣದವರಿಂದ ಮೇಲ್ ಬಂತು: ವಿವರಗಳನ್ನು ಸರಿಪಡಿಸಿ, ಇಲ್ಲವಾದರೆ ಪುಟವನ್ನು ತೆಗೆಯುತ್ತೇವೆ. ಪುಟ ಹೋದರೆ ಹಬ್ಬದ ರಜೆಯ ಬುಕಿಂಗೂ ಇಲ್ಲ, ಮುಂದಿನ ಬೇಸಿಗೆಯೂ ಇಲ್ಲ. ಅವಳಿಗೆ ಜನ ಬರುವುದು ಆ ಒಂದೇ ದಾರಿಯಿಂದ.

"ಅಕ್ಕಾರ, ನಿಮಗ ರಿಪೋರ್ಟ್ ಬರದ್ ರೂಢಿ ಐತಿ. ನೀವ ಬರದ್ ಕೊಡ್ರಿ," ಎಂದಳು.

ನಾನು ಬರೆಯುವ ಮೊದಲು ನೋಡಬೇಕೆಂದೆ. ಮರುದಿನ ಮೊದಲ ಬಸ್ಸಿಗೆ ಹೋಗಿ ಕೋಣೆ, ಬಚ್ಚಲು, ಹಾದಿ ಎಲ್ಲವನ್ನೂ ನೋಡಿದೆ. ಇಳಿಜಾರನ್ನು ಅರ್ಧ ಇಳಿದು, ಮೊಣಕಾಲು ಬೇಡವೆಂದದ್ದಕ್ಕೆ ಹತ್ತಿ ಬಂದೆ. ತಮ್ಮನನ್ನು ಕೇಳಿದೆ:

"ಅಲ್ಲೋ, ಇದಕ್ಕ ರಿವರ್ ಟಚ್ ಅಂತ ಯಾಕ ಬರಸಿದಿ?"

"ಸುಳ್ಳೇನ್ ಬರಸೀನಕ್ಕಾ? ಜಾಗಾ ಕೊಡಿಸಿದ ಏಜೆಂಟ್ ಹಂಗ ಅಂದಿದ್ದ. ಜಮೀನಿನ ಹದ್ದ ನದಿಗೆ ಹತ್ತೇತಿ, ಟಚ್ ಅಲ್ಲೇನು? ರಸ್ತಾಕ್ಕ ಹತ್ತಿದ್ದಕ್ಕ ರೋಡ್ ಟಚ್ ಅಂತಾರ, ಹಂಗ."

ಅವನು ಹೇಳಿದ್ದು ಸರಿಯೇ. ಜಾಗ ಕೊಳ್ಳುವವನಿಗೆ ಟಚ್ ಅಂದರೆ ಗಡಿ. ರಜೆಗೆ ಬರುವವನಿಗೆ ಟಚ್ ಅಂದರೆ ಬಾಗಿಲು ತೆರೆದರೆ ಕಾಲಿಗೆ ನೀರು. ಒಂದೇ ಮಾತನ್ನು ಇಬ್ಬರೂ ನಂಬಿದ್ದರು.

ಮಧ್ಯಾಹ್ನ ದಾಂಡೇಲಿಗೆ ಮರಳಿ ನಾನೂ ತಮ್ಮನ ಹೆಂಡತಿಯೂ ಸೈಬರ್ ಕೆಫೆಯಲ್ಲಿ ಕುಳಿತೆವು. ಕೆಫೆಯವನು ಪುಟ ತೆರೆದ. ಮೊದಲಿಗೇ ಜಾಗದ ಬಗೆಯನ್ನು ಆರಿಸುವ ಪಟ್ಟಿ: ನದಿತೀರ, ಕಾಡು, ಬೆಟ್ಟ, ಹಳ್ಳಿ, ಪೇಟೆ. ಒಂದನ್ನು ಮಾತ್ರ ಆರಿಸಬೇಕು. ಅವನು ನದಿತೀರ ಆರಿಸಿದ್ದ. ನಕ್ಷೆಯ ಗುರುತನ್ನು ದಾಂಡೇಲಿ ಬಸ್ ನಿಲ್ದಾಣದ ಮೇಲೆ ಇಟ್ಟಿದ್ದ.

"ಹಳ್ಳಿ ಅಂತ ಹಾಕು," ಎಂದೆ. "ಗುರುತನ್ನ ಜೋಯಿಡಾದ ಕಡೆ ಸರಸು. ದಾಂಡೇಲಿಯಿಂದ ಬಸ್ ಹಿಡದು ಬರಬೇಕು ಅನ್ನೋದು ವಿವರದಾಗ ಮೊದಲ ಬರಲಿ."

"ಜೋಯಿಡಾ ಅಂದ್ರ ಯಾರಿಗ್ ಗೊತ್ತಾಗ್ತದ್ರೀ ಅಕ್ಕಾ? ಹುಡುಕೋರು ದಾಂಡೇಲಿ ಅಂತಲೇ ಹುಡುಕ್ತಾರ," ಎಂದ ಕೆಫೆಯವನು.

ಅದು ನಿಜ. ಆದ್ದರಿಂದ ತಲೆಬರಹದಲ್ಲಿ ದಾಂಡೇಲಿಯನ್ನು ಬಿಡಲಿಲ್ಲ. 'ದಾಂಡೇಲಿ–ಜೋಯಿಡಾ ರಸ್ತೆಯ ಹಳ್ಳಿ ಮನೆ, ಕಾಡಿನ ಅಂಚು, ಎರಡು ಕೋಣೆ' ಎಂದು ಬರೆಸಿದೆ. 'ಜಂಗಲ್' ತೆಗೆಸಿದೆ. ಕಾಡು ಬೇಲಿಯ ಆಚೆ ಇತ್ತು, ಮನೆ ಅದರೊಳಗೆ ಇರಲಿಲ್ಲ.

ಆಮೇಲೆ ಸೌಲಭ್ಯಗಳ ಪಟ್ಟಿ. ಕೆಫೆಯವನು ಒಂದೊಂದಕ್ಕೂ ಟಿಕ್ ಹಾಕಿಬಿಟ್ಟಿದ್ದ.

"ಇಪ್ಪತ್ನಾಲ್ಕು ತಾಸು ಬಿಸಿನೀರು?" ಎಂದು ಓದಿದೆ.

ತಮ್ಮನ ಹೆಂಡತಿ ಹೌಹಾರಿದಳು. "ಯಾರ ಹೇಳಿದ್ರಪಾ? ನಾ ಇಪ್ಪತ್ನಾಲ್ಕ ತಾಸು ಹಂಡೆ ಒಲಿ ಮುಂದ ಕುಂದರ್ಲ್ಯಾ? ಮುಂಜಾನೆ ಕೊಡ್ತೇನಿ, ಸಂಜಿಗೆ ಕೇಳಿದ್ರ ಕಾಸ್ತೇನಿ. ಅಷ್ಟ."

"ಏಸಿ?"

"ಹೆಂಚಿನ ಮನಿ ತಣ್ಣಗ ಇರತೈತಿ ಅಂದ್ರು ನಿಮ್ ಮನಿಯವ್ರು. ತಣ್ಣಗ ಅಂದ್ರ ಏಸಿನೇ ಅಲ್ಲೇನ್ರಿ?" ಎಂದ ಕೆಫೆಯವನು ತಮ್ಮನ ಹೆಂಡತಿಗೆ. ಅವನು ನಗಲಿಲ್ಲ. ನಾವೇ ನಕ್ಕೆವು.

"ಕರೆಂಟ್ ಹೋದರೆ ಜನರೇಟರ್?"

"ಕರೆಂಟ್ ಹುಟ್ಟೂದ ನಮ್ಮ ಹಿತ್ತಲದಾಗ, ಅಕ್ಕಾರ. ಬರೂದು ಮಾತ್ರ ಬ್ಯಾರೆಯವ್ರ ಮನಿಗೆ. ಕಂದೀಲು ಕೊಡ್ತೇನಿ ಅಂತ ಬರೀರಿ."

ಹೀಗೆ ಟಿಕ್‌ಗಳು ಒಂದೊಂದಾಗಿ ಹೋದವು. ಉಳಿದವು: ಕೋಣೆಗೆ ಅಂಟಿದ ಬಚ್ಚಲು, ಫ್ಯಾನು, ಸೊಳ್ಳೆ ಪರದೆ, ಕಾರು ನಿಲ್ಲಿಸಲು ಅಂಗಳ, ಮನೆಯೂಟ. ಊಟದ ಕೆಳಗೆ ರೊಟ್ಟಿ, ಪಲ್ಲೆ, ಅನ್ನ, ಸಾರು. ಮಾಂಸ ಇಲ್ಲ, ಕುಡಿಯಲು ಅವಕಾಶ ಇಲ್ಲ ಎಂದು ಬರೆಸಿದೆ. ಮಳೆಗಾಲದಲ್ಲಿ ಕೊನೆಯ ಹಾದಿಗೆ ಕಾರು ಬರದು, ಮೊಬೈಲ್ ಹಿಡಿಯುವುದಿಲ್ಲ ಎಂಬುದನ್ನೂ ಸೇರಿಸಿದೆ. ಯಾರಿಗೆ ಸೂಕ್ತ ಎಂಬ ಕಡೆ ಗೆಳೆಯರ ಗುಂಪು, ನವದಂಪತಿ, ಕುಟುಂಬ, ಎಲ್ಲಕ್ಕೂ ಟಿಕ್ ಇತ್ತು. ಗುಂಪನ್ನು ತೆಗೆಸಿ, 'ಬೇಗ ಮಲಗಿ ಬೇಗ ಏಳುವವರಿಗೆ, ಹಕ್ಕಿ ನೋಡುವವರಿಗೆ, ಸುಮ್ಮನೆ ಕೂರಬಲ್ಲವರಿಗೆ' ಎಂದು ಬರೆಸಿದೆ.

ಕೆಫೆಯವನು ಕೈ ಎತ್ತಿ ಕುಳಿತ. "ಆಸ್ಪತ್ರೆ ಚೀಟಿ ಆತಲ್ರೀ ಅಕ್ಕಾ ಇದು. ಇದನ್ನ ಓದಿದವ್ರು ಹಾಸಿಗಿ ಹಿಡೀತಾರ, ಕೋಣೆ ಹಿಡಿಯೂದಿಲ್ಲ."

ತಮ್ಮನ ಹೆಂಡತಿಯ ಮುಖವೂ ಸಣ್ಣಗಾಗಿತ್ತು. ನದಿಯ ಸಾಲಿಗೆ ಬಂದಾಗ ಅವಳು ನನ್ನ ಕೈ ಹಿಡಿದಳು. "ಅಕ್ಕಾರ, ಎಲ್ಲಾ ತಗೀರಿ, ನದಿ ಒಂದ ಬಿಡ್ರಿ. ನದಿ ಹತ್ರ ಅಂದ್ರ ಸಾಕು. ಹತ್ರಾನ ಐತಲ್ಲ."

ಹತ್ತಿರ ಎಂದರೆ ಸ್ವಲ್ಪ ಜ್ವರ ಎಂದ ಹಾಗೆ. ನಾನು ಒಪ್ಪಲಿಲ್ಲ. 'ನದಿ ಮನೆಯಿಂದ ಕಾಣುವುದಿಲ್ಲ. ಜಮೀನಿನ ತುದಿಯಿಂದ ಕೆಳಗೆ ಕಾಣುತ್ತದೆ. ಇಳಿಯುವ ಹಾದಿ ಕಡಿದಾಗಿದೆ' ಎಂದು ಬರೆಸಿದೆ. ನದಿಯ ಫೋಟೊ ಉಳಿಸಿ, ಅದರ ಕೆಳಗೆ 'ಜಮೀನಿನ ತುದಿಯಿಂದ' ಎಂದು ಹಾಕಿಸಿದೆ.

ಇನ್ನೊಂದು ಕೆಲಸ ಉಳಿದಿತ್ತು. ಹಬ್ಬದ ರಜೆಗೆ ಎರಡೂ ಕೋಣೆಗೆ ಆಗಲೇ ಬುಕಿಂಗ್ ಬಂದಿತ್ತು, ಹಳೆಯ ಪುಟವನ್ನು ಓದಿ. ಅವರಿಗೂ ತಿಳಿಸಬೇಕು, ಬೇಡವೆಂದರೆ ದಂಡವಿಲ್ಲದೆ ಬಿಡಬೇಕು ಎಂದು ತಾಣದವರು ಬರೆದಿದ್ದರು. ಒಂದು ಕೋಣೆ ಪುಣೆಯ ಗಂಡ ಹೆಂಡತಿಯದು. ಅವರಿಗೆ ಮೇಲ್ ಹಾಕಿಸಿದೆವು. ಬರುತ್ತೇವೆ ಎಂದಷ್ಟೇ ಉತ್ತರ ಬಂತು. ಇನ್ನೊಂದು ಧಾರವಾಡದ ಮನೆಯವರದು, ಇಡೀ ವಾರಕ್ಕೆ. ಅಷ್ಟು ದೊಡ್ಡ ಬುಕಿಂಗ್ ಅವಳಿಗೆ ಅದುವರೆಗೆ ಬಂದಿರಲಿಲ್ಲ. ಅವರಿಗೆ ಸಂಜೆ ನನ್ನ ಮನೆಯಿಂದ ಫೋನು ಹಚ್ಚಿದಳು. ನಾನು ಪಕ್ಕದಲ್ಲೇ ಇದ್ದೆ. ಆ ಕಡೆ ಎತ್ತಿದ್ದು ಅಜ್ಜಿ. ದನಿ ಎಷ್ಟು ಜೋರೆಂದರೆ ನನಗೂ ಎಲ್ಲ ಕೇಳುತ್ತಿತ್ತು.

"ನನ್ನ ಸಲುವಾಗಿನ ಬುಕ್ ಮಾಡ್ಯಾರವಾ. ಕಾರ್ತಿಕದಾಗ ಹೊಳಿ ಸ್ನಾನಾ ಮಾಡಬೇಕಂತ ಹರಕಿ. ಹೊಳಿ ಮನಿಗೆ ಹತ್ತೇತಿ ಅಂತ ಮಗಾ ಓದಿ ಹೇಳಿದ. ಬೆಳಕು ಹರಿಯೂದ್ರಾಗ ಇಳಿಯಾಕ ಬರತೈತಿಲ್ಲ?"

ತಮ್ಮನ ಹೆಂಡತಿ ನನ್ನ ಕಡೆ ನೋಡಿದಳು. ನಾನು ಹೇಳಿಕೊಡಲಿಲ್ಲ. ಫೋನು ಅವಳ ಕೈಯಲ್ಲಿತ್ತು, ಮನೆಯೂ ಅವಳದೇ.

"ಇಲ್ರಿ ಅಜ್ಜಿ," ಎಂದಳು ಕಡೆಗೆ. "ಇಳಿಯೂ ಹಾದಿ ನಿಮಗಾಗೂದಿಲ್ಲ. ನನಗೂ ಆಗೂದಿಲ್ಲ. ಅದರ ಮ್ಯಾಲ ನೀರು ಯಾವಾಗ ಏರತೈತಿ ಗೊತ್ತಾಗೂದಿಲ್ರಿ. ಹೊಳ್ಯಾಗ ಇಳೀಬ್ಯಾಡ್ರಿ ಅಂತ ನಾನ ಹೇಳ್ತೇನಿ."

"ಹಂಗಾರ ಹತ್ತೇತಿ ಅಂತ ಯಾಕ ಬರದ್ರಿ?"

"ತಪ್ಪಾತ್ರಿ. ಈಗ ತಿದ್ದೇವಿ."

"ಬಂದ್ ಮ್ಯಾಲ ಹೇಳಿದ್ರ ಚಂದಾಗಿ ಬೈತಿದ್ದೆ ನೋಡು. ಮೊದಲ ಹೇಳಿದಿ, ಚಲೋ ಮಾಡಿದಿ. ಆದ್ರ ಬರೂದಿಲ್ಲವಾ ನಾವು. ಹೊಳಿ ಇಲ್ಲದ ಬಂದ್ ಏನ್ ಮಾಡ್ಲಿ? ರೊಟ್ಟಿ ನಮ್ಮ ಮನ್ಯಾಗೂ ಅದಾವು."

ಫೋನು ಇಟ್ಟವಳು ಸೆರಗಿನ ಚುಂಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಎದ್ದು, "ಅಕ್ಕಾರ, ಕೆಫೆ ಇನ್ನೂ ತಗದಿರಬೇಕಲ್ಲ? ಒಂದ್ ಸಾಲು ಕಡಿಮಿ ಬಿದ್ದೈತಿ," ಎಂದಳು.

ಕೆಫೆಯಲ್ಲಿ ಅವಳೇ ಹೇಳಿ ಬರೆಸಿದಳು: ನದಿಯಲ್ಲಿ ಈಜಲು, ಸ್ನಾನ ಮಾಡಲು ಆಗುವುದಿಲ್ಲ, ನೀರು ಒಮ್ಮೆಲೇ ಏರುತ್ತದೆ. ನಾನು ಇಂಗ್ಲಿಷ್ ಮಾಡಿಕೊಟ್ಟೆ ಅಷ್ಟೇ. ತಾಣದವರು ಓದಿ ಒಪ್ಪಿ ಪುಟವನ್ನು ಉಳಿಸಿದರು. ಹುಡುಗರು ಬರೆದದ್ದನ್ನು ತೆಗೆಯಲು ಬರುವುದಿಲ್ಲವೆಂದರು. ಅದರ ಕೆಳಗೆ ಉತ್ತರ ಬರೆಯಬಹುದಿತ್ತು. 'ನಿಮ್ಮ ಮಾತು ಸರಿ, ತಿದ್ದಿದ್ದೇವೆ' ಎಂದು ಬರೆಸಿದೆವು.

ಹಬ್ಬದ ವಾರ ಒಂದು ಕೋಣೆ ಖಾಲಿ ಉಳಿಯಿತು. ಇನ್ನೊಂದಕ್ಕೆ ಪುಣೆಯ ಗಂಡ ಹೆಂಡತಿ ಬಂದರು. ಇಬ್ಬರೂ ನಿಪ್ಪಾಣಿ ಕಡೆಯ ಮೂಲದವರು, ಕನ್ನಡ ಬಲ್ಲವರು, ಕೊರಳಲ್ಲಿ ದುರ್ಬೀನು. ನಾನೂ ಹಬ್ಬಕ್ಕೆ ಅಲ್ಲೇ ಇದ್ದೆ. ತಮ್ಮನ ಹೆಂಡತಿ ಅವರ ಹಿಂದೆ ಮುಂದೆ ಓಡಾಡುತ್ತ, ಈಗ ಏನು ಕೇಳುತ್ತಾರೋ ಎಂದು ಕಾಯುತ್ತಿದ್ದಳು. ಏಸಿ ಕೇಳಲಿಲ್ಲ. ಕರೆಂಟ್ ಹೋದಾಗ ಕಂದೀಲು ತಾವೇ ಕೇಳಿ ಹಚ್ಚಿಕೊಂಡರು. ಮರುದಿನ ಬೆಳಿಗ್ಗೆ ತಮ್ಮ ಅವರನ್ನು ಜಮೀನಿನ ತುದಿಗೆ ಕರೆದೊಯ್ದ. ತಿರುಗಿ ಬಂದಾಗ ಇವಳು ತಡೆಯಲಾರದೆ ಕೇಳಿಯೇಬಿಟ್ಟಳು:

"ಹೊಳಿ ಕಂಡಿತೇನ್ರಿ?"

"ಕಂಡಿತ್ರಿ," ಎಂದರು ಆ ಹೆಂಗಸು ಬೂಟು ಬಿಚ್ಚುತ್ತ. "ಆದ್ರ ನೀವು ಬರದಿದ್ದು ಓದಿ ನಾವು ಭಾಳ ದೂರ ಅಂದ್ಕೊಂಡಿದ್ವಿ. ಅಷ್ಟೇನ್ ದೂರ ಇಲ್ಲ ಬಿಡ್ರಿ."

ತಮ್ಮನ ಹೆಂಡತಿ ನನ್ನ ಕಡೆ ತಿರುಗಿದಳು. "ಕೇಳಿದ್ರಿಲ್ಲ ಅಕ್ಕಾರ? ಈಗ ಇವ್ರು ಹತ್ರ ಐತಿ ಅಂತ ಕಂಪ್ಲೇಂಟ್ ಬರದ್ರ, ಅದನ್ನ ನೀವ ತಿದ್ದಬೇಕು," ಎಂದು ಹೇಳಿ ಚಹಾ ಇಡಲು ಒಳಗೆ ಹೋದಳು.