ಅಳಿಸಿಹೋದ ಕಾವಲು ಸಂಖ್ಯೆ

ಕಂಪನಿಯಲ್ಲಿ ಎಲ್ಲರೂ ಅವಳನ್ನು ಪುಕ್ಕಲಿ ಎಂದೇ ಕರೆಯುತ್ತಿದ್ದರು. ಲಿಫ್ಟ್ ಹತ್ತುತ್ತಿರಲಿಲ್ಲ, ಮನೆಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುತ್ತಿದ್ದಳು. ರೋಗಿಯ ರಕ್ತನಾಳಕ್ಕೆ ಔಷಧವನ್ನು ಹನಿಹನಿಯಾಗಿ ತಳ್ಳುವ ಪಂಪುಗಳ ಒಳಗಿನ ಪ್ರೋಗ್ರಾಮನ್ನು ಪರೀಕ್ಷಿಸುವುದು ಹನ್ನೊಂದು ವರ್ಷಗಳಿಂದ ಅವಳ ಕೆಲಸ. ಅವಳ ತಂಗಿ ಊರಿನ ದೊಡ್ಡಾಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ನರ್ಸ್. ಮೊದಲ ಸುತ್ತಿನ ಪರೀಕ್ಷೆ ದಾಟಿದ ಹೊಸ ಪ್ರೋಗ್ರಾಂ ಇದ್ದ ಆರು ಪಂಪುಗಳು ಪ್ರಯೋಗಕ್ಕೆಂದು ಹೋಗಿದ್ದುದು ಅದೇ ಘಟಕಕ್ಕೆ.

ಪಂಪಿನೊಳಗೆ ಮೋಟರು ಓಡಿಸಲು ಒಂದು ಕಾರ್ಯ, ಎಚ್ಚರಿಕೆ ಕೂಗಲು ಇನ್ನೊಂದು. ಪ್ರತಿಯೊಂದಕ್ಕೂ ತಾತ್ಕಾಲಿಕ ಲೆಕ್ಕಗಳನ್ನು ಇಟ್ಟುಕೊಳ್ಳಲು ಸ್ಟ್ಯಾಕ್ ಎಂಬ ಸಣ್ಣ ಜಾಗ. ಅದು ತುಂಬಿ ಹೊರಚೆಲ್ಲಿದರೆ ಪಕ್ಕದ ಜಾಗ ಕೆಡುತ್ತದೆ. ಅದಕ್ಕೇ ಪಂಪು ಶುರುವಾದಾಗ ಸ್ಟ್ಯಾಕಿನ ಪ್ರತಿ ಮನೆಯಲ್ಲೂ ಒಂದೇ ಸಂಖ್ಯೆಯನ್ನು ಬರೆದಿಡುತ್ತಾರೆ. ಬಳಸಿದಷ್ಟು ಭಾಗದಲ್ಲಿ ಅದು ಅಳಿಸಿಹೋಗುತ್ತದೆ. ಕೊನೆಯ ತುದಿಯಿಂದ ಎಣಿಸುತ್ತ ಬಂದು ಎಷ್ಟು ಮನೆಗಳು ಹಾಗೇ ಉಳಿದಿವೆ ಎಂದು ನೋಡಿದರೆ, ಅದುವರೆಗೆ ಅತಿ ಹೆಚ್ಚು ಎಷ್ಟು ಬಳಕೆಯಾಯಿತು ಎಂಬುದು ತಿಳಿಯುತ್ತದೆ. ಕಟ್ಟಕಡೆಯ ಮನೆಯದು ಕಾವಲು ಸಂಖ್ಯೆ. ಅದು ಅಳಿಸಿದ್ದರೆ ಗಡಿ ದಾಟಿತೆಂದೇ ಅರ್ಥ.

ಎರಡು ದಿನದ ಮರುಪರೀಕ್ಷೆಯಲ್ಲಿ ಎಚ್ಚರಿಕೆಯ ಸ್ಟ್ಯಾಕಿನ ಇನ್ನೂರೈವತ್ತಾರು ಮನೆಗಳಲ್ಲಿ ಎಪ್ಪತ್ತು ಅಳಿಸದೇ ಉಳಿದಿದ್ದವು. ಮೂರನೆಯ ದಿನ ಊಟ ಮುಗಿಸಿ ಬಂದವಳು, ಬ್ಯಾಟರಿ ಇಳಿದ ಎಚ್ಚರಿಕೆ ಕೂಗುತ್ತಿರುವಾಗಲೇ ಕರೆಂಟಿನ ವಯರನ್ನು ಕಿತ್ತಳು; ಪಂಪು ಉಳಿದಿದ್ದ ಬ್ಯಾಟರಿಯಲ್ಲೇ ಓಡುತ್ತ ಎರಡನೆಯ ಎಚ್ಚರಿಕೆ ಕೂಗಿತು. ಎಪ್ಪತ್ತು ಒಮ್ಮೆಲೇ ನಾಲ್ಕಕ್ಕಿಳಿಯಿತು. ಪಂಪನ್ನು ಮತ್ತೆ ಶುರುಮಾಡಿ, ವಯರು ಕೀಳುತ್ತಲೇ ಸದ್ದು ನಿಲ್ಲಿಸುವ ಗುಂಡಿಯನ್ನೂ ಒತ್ತಿದಳು. ಒಂದು ಎಚ್ಚರಿಕೆಯ ಸಂದೇಶ ಸಿದ್ಧವಾಗುತ್ತಿರುವಾಗಲೇ ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು, ಎಲ್ಲಾ ಅದೇ ಸ್ಟ್ಯಾಕಿನಲ್ಲಿ.

ಉಳಿದದ್ದು ಸೊನ್ನೆ. ಕಾವಲು ಸಂಖ್ಯೆಯೂ ಇರಲಿಲ್ಲ. ಅದರ ಆಚೆಯ ಮನೆಯಲ್ಲಿದ್ದದ್ದು ಗಂಟೆಗೆ ಎಷ್ಟು ಔಷಧ ಹೋಗಬೇಕೆಂಬ ಅಂಕಿ. ಅಲ್ಲಿ ಅವಳು ಇಟ್ಟಿದ್ದ ಐದರ ಬದಲು ಅರ್ಥವಿಲ್ಲದ ಇನ್ಯಾವುದೋ ಸಂಖ್ಯೆ ಕೂತಿತ್ತು. ಮೇಜಿನ ಮೇಲೆ ಮೋಟರು ಸುಯ್ಯೆಂದು ಓಡತೊಡಗಿತು; ಸಿರಿಂಜಿನ ನೀರು ಕಣ್ಣೆದುರೇ ಬಟ್ಟಲಿಗೆ ಬರಿದಾಯಿತು.

ತಂಗಿಗೆ ಫೋನ್ ಮಾಡಿದಳು.

“ಪುಟ್ಟಿ, ನಮ್ಮ ಹೊಸ ಪಂಪು ಎಷ್ಟು ಓಡ್ತಿವೆ?”

“ನಾಲ್ಕು. ಯಾಕಕ್ಕ, ಹಿಂಗ್ಯಾಕೆ ಉಸಿರು ಬಿಡ್ತಿದೀಯ?”

“ಒಂದರ ವಯರೂ ಗೋಡೆಯಿಂದ ಕೀಳಬೇಡ, ಸದ್ದು ನಿಲ್ಲಿಸೋ ಗುಂಡಿನೂ ಒತ್ತಬೇಡ. ಡಾಕ್ಟ್ರಿಗೆ ಹೇಳಿ ಹಳೇ ಪಂಪಿಗೆ ಬದಲಾಯಿಸ್ಕೊಳ್ಳಿ. ಈಗಲೇ ಕಣೇ!”

“ಒಬ್ಬರಿಗೆ ಬಿಪಿ ಏರಿಸೋ ಔಷಧಿ ಹೋಗ್ತಿದೆ. ಅದನ್ನ ಅರೆ ನಿಮಿಷ ನಿಲ್ಲಿಸೋಕೂ ಆಗಲ್ಲ.”

“ಮೊದಲು ಹಳೇದನ್ನ ಶುರು ಮಾಡಿ, ಆಮೇಲೆ ಇದನ್ನ ತೆಗೀರಿ. ನಾನು ಲೈನಲ್ಲೇ ಇರ್ತೀನಿ.”

ಫೋನಿನಲ್ಲಿ ಚಪ್ಪಲಿ ಸದ್ದು, ಗಾಲಿಗಳ ಕಿರುಗುಟ್ಟುವಿಕೆ, ಡಾಕ್ಟರರ ಗಡಸು ದನಿ. ಯಾವುದೋ ಪಂಪು ಕೂಗತೊಡಗಿತು. ಈ ಗಳಿಗೆಯಲ್ಲಿ ಆಸ್ಪತ್ರೆಯ ಕರೆಂಟು ಹೋದರೆ, ಯಾರಾದರೂ ಗುಂಡಿ ಒತ್ತಿದರೆ ಎಂದು ಅವಳು ಪ್ರತಿ ಸದ್ದಿಗೂ ಕಿವಿಯಾನಿಸಿದಳು.

ಅಷ್ಟರಲ್ಲಿ ಅವಳ ಮಾತು ಕೇಳಿಸಿಕೊಂಡು ಮ್ಯಾನೇಜರು ಬಂದರು. “ಏನಮ್ಮಾ, ಯಾರನ್ನ ಕೇಳಿ ಆಸ್ಪತ್ರೆಗೆ ಹೇಳಿದ್ರಿ? ನಿಮ್ಮ ಭಯಕ್ಕೂ ಒಂದು ಮಿತಿ ಬೇಡ್ವಾ?”

ಅವಳು ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಅವುಚಿಕೊಂಡು, ಸಿರಿಂಜನ್ನು ಮತ್ತೆ ತುಂಬಿಸಿಟ್ಟು ಪಂಪನ್ನು ಶುರುಮಾಡಿದಳು. “ಸರ್, ನೀವೇ ಕಿತ್ತು ನೋಡಿ. ಗುಂಡಿಯನ್ನೂ ಒತ್ತಿ.”

ಅವರು ಕಿತ್ತರು, ಒತ್ತಿದರು. ಸಿರಿಂಜು ಬರಿದಾಗುವುದನ್ನು ನೋಡುತ್ತ ಕುರ್ಚಿಗೆ ಕೈಯೂರಿದರು.

ಹದಿನೇಳು ನಿಮಿಷಗಳಾದ ಮೇಲೆ ತಂಗಿಯ ದನಿ ಕೇಳಿತು. “ಎಲ್ಲಾ ಬದಲಾಯ್ಸಿದ್ವಿ ಅಕ್ಕ. ಯಾರಿಗೂ ಏನೂ ಆಗಿಲ್ಲ.” ಅವಳು ನೆಲದ ಮೇಲೇ ಕುಸಿದು ಕೂತು ಅತ್ತಳು.

ಆ ವಾರ ಸ್ಟ್ಯಾಕನ್ನು ದೊಡ್ಡದು ಮಾಡಿದರು. ಸಂದೇಶಗಳು ಒಂದರೊಳಗೊಂದು ಹೋಗದೆ ಸಾಲಾಗಿ ನಿಲ್ಲುವಂತಾಯಿತು. ಒಂದು ಕಾರ್ಯದಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ಕಾವಲು ಸಂಖ್ಯೆಯನ್ನು ನೋಡಿ, ಕೆಟ್ಟಿದ್ದರೆ ಮೋಟರು ನಿಲ್ಲಿಸಿ ಕೂಗುವ ಏರ್ಪಾಡಾಯಿತು. ದಾಟಿದ ಮೇಲಷ್ಟೇ ಕಾವಲು ಅದನ್ನು ತಿಳಿಸುತ್ತದೆ, ತಡೆಯುವುದಿಲ್ಲ ಎಂದು ಅವಳು ವರದಿಯಲ್ಲಿ ಅಡಿಗೆರೆ ಎಳೆದು ಬರೆದಳು.

ಆರು ಪಂಪುಗಳೂ ವಾಪಸು ಬಂದವು. ಗಂಟೆಗೊಮ್ಮೆ ಒಳಗೇ ದಾಖಲಾಗಿದ್ದ ಉಳಿಕೆಯನ್ನು ಅವಳು ಒಂದೊಂದಾಗಿ ಓದಿದಳು. ಎಪ್ಪತ್ತು, ಎಪ್ಪತ್ತು, ಅರವತ್ತೆಂಟು, ಎಪ್ಪತ್ತು. ಐದನೆಯದರಲ್ಲಿ ಒಂದು, ಕಾವಲು ಸಂಖ್ಯೆಯ ಮನೆ ಮಾತ್ರ. ಅವಳು ಫೋನ್ ಮಾಡಿದ್ದಕ್ಕೂ ಹಿಂದಿನ ಮಂಗಳವಾರ ಬೆಳಗ್ಗೆ ಹತ್ತರಿಂದ ಹನ್ನೊಂದರ ನಡುವೆ.

ಸಂಜೆ ತಂಗಿಯನ್ನು ಕೇಳಿದಳು, “ಆ ಮಂಗಳವಾರ ಐದನೇ ಪಂಪು ಯಾರಿಗೆ ಹಾಕಿದ್ರಿ?”

“ಬೇಡ ಅಕ್ಕ, ಕೇಳಬೇಡ. ಗೊತ್ತಾದ್ರೆ ನಿಂಗೆ ನಿದ್ದೆ ಬರಲ್ಲ. ಅವರು ಹುಷಾರಾಗಿ ಮನೆಗೆ ಹೋದ್ರು, ಅಷ್ಟು ಸಾಕು.”