ಅಳಿಸದೆ ಉಳಿದ ಹಳೆಯ ಸ್ಲೈಡು

ಕಡೂರಿನ ನಮ್ಮ ಸಣ್ಣ ಸಂಸ್ಥೆ ಕ್ಷಯರೋಗದ ಬಗ್ಗೆ ಸುತ್ತಲ ಊರುಗಳಲ್ಲಿ ಸಭೆ ನಡೆಸುತ್ತದೆ. ಅಲ್ಲಿ ಪರದೆಯ ಮೇಲೆ ತೋರಿಸುವ ಸ್ಲೈಡುಗಳ ಪಿಪಿಟಿ ಮಾಡುವುದು ನನ್ನ ಕೆಲಸ. ತರೀಕೆರೆ ಸಭೆಗೆಂದು ಮಾಡಿದ್ದರಲ್ಲಿ, ಬೀರೂರು ಸ್ಟೇಷನ್ ಹತ್ತಿರ ಇಡ್ಲಿ ಮಾರುವ ಅಕ್ಕನ ಫೋಟೊ ಹಾಕಿದ್ದೆ. ಅವಳ ಕಾಯಿಲೆ ಪೂರ್ತಿ ವಾಸಿಯಾಗಿ ವರ್ಷ ಕಳೆದಿತ್ತು. ಫೋಟೊಗೆ ಮೊದಲು ಒಪ್ಪಿದ್ದಳು. ಕರಡು ತೋರಿಸಿದಾಗ ಮುಖ ಸಪ್ಪಗಾಯಿತು.

“ಕತೆ ಹೇಳ್ಕಳಿ ಮೇಡಂ, ಮುಖ ಬ್ಯಾಡ. ಗೊತ್ತಾದ್ರೆ ನನ್ ಇಡ್ಲಿ ಯಾರ್ ತಿಂತಾರೆ?”

ಫೋಟೊ, ಊರಿನ ಹೆಸರು ಎರಡನ್ನೂ ತೆಗೆದೆ. ನಮ್ಮ ಮುಖ್ಯಸ್ಥರು ನೋಡಿ, “ಇದೇ ಇರ್ಲಿ” ಎಂದು ವಾಟ್ಸಾಪಿನಲ್ಲಿ ಒಪ್ಪಿಗೆ ಕಳಿಸಿದರು.

“ಫೈಲಿನ ಹೆಸರಲ್ಲಿ ತಾರೀಕು, ವರ್ಷನ್ ನಂಬರು, ಒಪ್ಪಿಗೆ ಅಂತ ಹಾಕಮ್ಮ. ಒಪ್ಪಿದ್ದು ಒಂದೇ ಎದುರಿಗಿರ್ಲಿ, ಹಳೇದೆಲ್ಲ ಬೇರೆ ಫೋಲ್ಡರಿಗೆ ಹೋಗ್ಲಿ” ಎಂದು ಅವರು ಎಷ್ಟು ಸಲ ಹೇಳಿದ್ದರೋ. ಫೈಲಿಗೂ ನಾಮಕರಣದ ಶಾಸ್ತ್ರ ಬೇರೆ ಎಂದು ಗೊಣಗುವ ಜಂಬ ನನ್ನದು. ನನ್ನಲ್ಲಿದ್ದವು ‘ಫೈನಲ್’, ‘ಫೈನಲ್ ಹೊಸದು’, ‘ಫೈನಲ್ ಹೊಸದು ಸರಿ’.

ಸಭೆಯ ಹಿಂದಿನ ದಿನ, ಮಾತ್ರೆಗಳ ವಿವರವಿದ್ದ ಒಂದು ಸ್ಲೈಡನ್ನು ಪ್ರಿಂಟ್ ತೆಗೆಯಲು ಕೈಗೆ ಸಿಕ್ಕ ಹಳೆಯ ಕರಡನ್ನು ತೆರೆದೆ. ಅಕ್ಷರ ದೊಡ್ಡದು ಮಾಡಿ, ಅಭ್ಯಾಸಬಲದಿಂದ ಸೇವ್ ಒತ್ತಿ ಮುಚ್ಚಿದೆ. ಅಷ್ಟಕ್ಕೇ ಆ ಕರಡು ತಾರೀಕಿನ ಪ್ರಕಾರ ಎಲ್ಲಕ್ಕಿಂತ ಹೊಸದಾಗಿ ಪಟ್ಟಿಯ ತಲೆಯಲ್ಲಿ ಬಂದು ಕೂತಿತ್ತು. ಬೆಳಿಗ್ಗೆ ಬಸ್ಸಿನ ಅವಸರದಲ್ಲಿ ಮೇಲಿದ್ದದ್ದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೊರಟೆ.

ತರೀಕೆರೆಯ ಸಭೆಯಲ್ಲಿ ಆರನೇ ಸ್ಲೈಡಿಗೆ ಗೋಡೆಯಗಲ ಅಕ್ಕ ನಗುತ್ತಿದ್ದಳು. ಓಡಿಹೋಗಿ ಪ್ರೊಜೆಕ್ಟರಿನ ವೈರ್ ಕಿತ್ತೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ, “ಬೀರೂರಿನ ಇಡ್ಲಿ ಅಕ್ಕ ಅಲ್ವೇನ್ರೀ ಅದು?” ಎಂದದ್ದು ಕೇಳಿಸಿತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮರುದಿನ ಬೀರೂರಿಗೆ ಹೋಗಿ ನಡೆದದ್ದೆಲ್ಲ ಹೇಳಿದೆ. ಅವಳು ಬಯ್ಯಲಿಲ್ಲ.

“ಬ್ಯಾಡ ಅಂದ್ಮೇಲೆ ಹಳೇದ್ನ ಯಾಕ್ ಇಟ್ಕಂಡಿದ್ರಿ ಮೇಡಂ?”



ಆಫೀಸಿಗೆ ಬಂದು ಫೈಲುಗಳಿಗೆಲ್ಲ ಮುಖ್ಯಸ್ಥರು ಹೇಳಿದಂತೆ ಹೆಸರಿಟ್ಟೆ. ಒಪ್ಪಿಗೆಯಾದದ್ದನ್ನು ಯಾರೂ ಸುಲಭಕ್ಕೆ ತಿದ್ದಲಾಗದಂತೆ ಪಿಡಿಎಫ್ ಮಾಡಿಯೂ ಇಟ್ಟೆ. ಹಳೆಯ ಕರಡುಗಳನ್ನು ಬೇರೆ ಫೋಲ್ಡರಿಗೆ ಕಳಿಸುವ ಮುಂಚೆ, ಅವುಗಳಿಂದ, ಪೆನ್‌ಡ್ರೈವಿನಿಂದ, ವಾಟ್ಸಾಪಿನಿಂದ ಅವಳ ಮುಖವನ್ನು ಅಳಿಸಿದೆ.

ಅದನ್ನು ಹೇಳಲೆಂದು ಎರಡು ವಾರ ಬಿಟ್ಟು ಮತ್ತೆ ಹೋದೆ. ಬೆಳಗಿನ ರೈಲು ಬಂದು ಹೋಗಿತ್ತು. ಪಾತ್ರೆಯ ತುಂಬ ಇಡ್ಲಿ ಹಾಗೇ ಉಳಿದಿತ್ತು.

“ಎಲ್ಲ ಅಳಿಸಿದೀನಿ ಅಕ್ಕ” ಎಂದೆ.

ಅವಳು ತಟ್ಟೆಗೆ ಎರಡು ಇಡ್ಲಿ ಹಾಕಿ ನನ್ನ ಮುಂದೆ ಹಿಡಿದಳು. “ತಿಂತೀರಾ?”

ಈಗ ತಾನೇ ತಿಂಡಿ ಆಯಿತು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಲ್ಲಿಗೆ ಹೋದಾಗಲೆಲ್ಲ, ತಿಂದಿರಲಿ ಬಿಡಲಿ, ನಾನು ಅದನ್ನೇ ಹೇಳುತ್ತಿದ್ದೆ ಎಂಬುದು ಆಗ ಹೊಳೆಯಿತು.