ಎಪ್ಪತ್ತರಲ್ಲಿ ಒಂದು

ಪಂಚಾಕ್ಷರಯ್ಯನವರು ತೀರಿಹೋಗಿ ತಿಂಗಳಾಯಿತು. ಹುಟ್ಟಿದ್ದು ರಾಯದುರ್ಗ, ಲೆಕ್ಕದ ಮೇಷ್ಟ್ರಾಗಿ ಬಂದು ನಿಂತದ್ದು ಮಡಕಶಿರಾ ಬಳಿಯ ನಮ್ಮ ಹಳ್ಳಿಯ ಕನ್ನಡ ಶಾಲೆಯಲ್ಲಿ. ನಾನು ಅಲ್ಲಿ ಕನ್ನಡ ಹೇಳಿಕೊಡುತ್ತಿದ್ದೆ. ಅವರ "ಬರ್ರಿ, ಕೂಡ್ರಿ" ಕೇಳಿ ನಮ್ಮ ಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದವು. ಅವರೂ ನಗುತ್ತಿದ್ದರು.

ಊರಿನ ಅರ್ಧ ಮನೆಗಳು ಬೆಂಗಳೂರಿನ ಗಾರ್ಮೆಂಟ್ಸ್‌ ಕಡೆ ಮುಖ ಮಾಡಿದ್ದ ವರ್ಷಗಳವು. ನಮ್ಮಲ್ಲಿ ಏಳನೆಯ ತರಗತಿಯವರೆಗೆ ಮಾತ್ರ ಶಾಲೆ. ಮುಂದೆ ಓದಬೇಕೆಂದರೆ ಹೆಣ್ಣುಮಕ್ಕಳಿಗೆ ಮಡಕಶಿರಾದ ಹಾಸ್ಟೆಲ್ ಒಂದೇ ದಾರಿ. ಆ ವರ್ಷ ಅಲ್ಲಿ ನಮ್ಮ ಶಾಲೆಯ ಪಾಲಿಗೆ ಒಂದೇ ಸೀಟು ಉಳಿದಿತ್ತು, ಕೇಳಿದವರು ಮೂವರು. ವರ್ಷದ ಹತ್ತು ಕಿರುಪರೀಕ್ಷೆಗಳಲ್ಲಿ ಯಾರು ಬರೆದದ್ದರಲ್ಲಿ ಹೆಚ್ಚು ಪಾಲು ಪಾಸಾಗಿರುತ್ತಾರೋ ಅವರಿಗೆ ಸೀಟು ಎಂದು ಪಂಚಾಕ್ಷರಯ್ಯನವರು ಮೊದಲೇ ಹೇಳಿದ್ದರು.

ಲಲಿತಾ ಒಂಬತ್ತು ಬರೆದು ನಾಲ್ಕರಲ್ಲಿ ಪಾಸು. ಸಣ್ಣಕ್ಕ ಹತ್ತೂ ಬರೆದು ಏಳರಲ್ಲಿ. ಕೆಂಪಕ್ಕನನ್ನು ತಾಯಿ ನಡುವೆ ಗಾರ್ಮೆಂಟ್ಸ್‌ಗೆ ಹೋಗುವಾಗ ಬೆಂಗಳೂರಿಗೆ ಕರೆದೊಯ್ದಿದ್ದಳು. ಅವಳು ಬರೆದದ್ದು ಏಳೇ, ಪಾಸಾದದ್ದು ಐದರಲ್ಲಿ.

ಮನೆಯವರನ್ನೆಲ್ಲ ಕೂರಿಸಿ ಅವರು ಹಲಗೆಯ ಮೇಲೆ ಬರೆದರು. "ಒಂಬತ್ತರ ಅರ್ಧ ನಾಲ್ಕೂವರೆ. ಲಲಿತಾ ಅರ್ಧಕ್ಕಿಂತ ಕೆಳಗದಾಳ. ಉಳಿದ ಇಬ್ಬರೂ ಅರ್ಧ ದಾಟ್ಯಾರ."

ಸಣ್ಣಕ್ಕನ ಅಪ್ಪ ಓಬಳಪ್ಪ ಕುರಿ ಸಾಕಿದವನು. ಎದ್ದು ನಿಂತ. "ಅದೇನ್ ಮೇಷ್ಟ್ರೇ, ಏಳು ದೊಡ್ಡದೋ ಐದು ದೊಡ್ಡದೋ? ನಮ್ ಕುರೀನ ಕೇಳಿದ್ರೂ ಹೇಳ್ತದೆ."

"ಹಂಗಲ್ಲಪ್ಪಾ. ಒಂದು ಹಿಂಡಿನಾಗ ಹತ್ತು ಕುರಿ, ಏಳು ಮರಿ ಈದಾವ. ಇನ್ನೊಂದರಾಗ ಏಳು ಕುರಿ, ಐದು ಈದಾವ. ಯಾವ ಹಿಂಡು ಚಲೋ?"

"ಯಾವ ಹಿಂಡಾದ್ರೂ ಆಗ್ಲಿ ಸಾಮಿ, ನಂಗೆ ಏಳು ಮರಿ ಬಂದ್ರೆ ಸಾಕು!"

ಎಲ್ಲರೂ ನಕ್ಕರು. ಪಂಚಾಕ್ಷರಯ್ಯನವರು ನಗುತ್ತಲೇ 5/7, 7/10 ಎಂದು ಪಕ್ಕಪಕ್ಕ ಬರೆದು ಅಡ್ಡ ಗುಣಾಕಾರ ಮಾಡಿದರು. ಐದು ಹತ್ತಲೆ ಐವತ್ತು. ಅದನ್ನು ಕೆಂಪಕ್ಕನ ಭಿನ್ನರಾಶಿಯ ನೆತ್ತಿಯ ಮೇಲೆ ಬರೆದರು. ಏಳೇಳಲೆ ನಲವತ್ತೊಂಬತ್ತು, ಅದು ಸಣ್ಣಕ್ಕನದು. ಐವತ್ತೇ ದೊಡ್ಡದು. ಸೀಟು ಕೆಂಪಕ್ಕನಿಗೆ. ಓಬಳಪ್ಪ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಮಗಳ ಕೈ ಹಿಡಿದು ಹೊರಟ.

ಎಲ್ಲರೂ ಹೋದ ಮೇಲೆ ಅವರು ಹಲಗೆಯ ಮುಂದೆ ನಿಂತೇ ಇದ್ದರು. ಎರಡಕ್ಕೂ ಒಂದೇ ಛೇದ ಬರುವಂತೆ ಮತ್ತೆ ಬರೆದರು: 50/70, 49/70.

"ನೋಡ್ರಿ ಸರ," ಅಂದರು. "ಎಪ್ಪತ್ತರಾಗ ಒಂದು."

ಮರುದಿನವೇ ಮಡಕಶಿರಾಕ್ಕೆ ಹೋಗಿ ವಾರ್ಡನ್‌ ಮುಂದೆ ಇನ್ನೊಂದು ಸೀಟಿಗೆ ಕೈ ಮುಗಿದರು. ನಾನೂ ಜೊತೆಗಿದ್ದೆ. "ದೊಡ್ಡದ್ಯಾವುದು ಅಂತ ನೀವೇ ತೀರ್ಮಾನ ಮಾಡಿದ್ದೀರಲ್ಲ ಸಾರ್, ಇನ್ನೇನು?" ಅಂದರು ವಾರ್ಡನ್. ಮಲಗುವ ಜಾಗವೇ ಇರಲಿಲ್ಲ, ಅವರದೂ ತಪ್ಪಲ್ಲ.

ಸಣ್ಣಕ್ಕ ಸ್ವಲ್ಪ ಕಾಲ ಕುರಿಗಳ ಹಿಂದೆ ತಿರುಗಿದಳು. ಬೆಳೆದ ಮೇಲೆ ಚಿಕ್ಕಮ್ಮನ ಜೊತೆ ಬೆಂಗಳೂರಿನ ಗಾರ್ಮೆಂಟ್ಸ್‌ ಸೇರಿ ಅಂಗಿಗಳ ದಾರದ ತುದಿ ಕತ್ತರಿಸತೊಡಗಿದಳು.

ಆಮೇಲೆ ಪಂಚಾಕ್ಷರಯ್ಯನವರ ಪಾಠ ಬದಲಾಯಿತು. ಎರಡು ಭಿನ್ನರಾಶಿ ಕೊಟ್ಟು ಮೊದಲು ಅರ್ಧಕ್ಕೆ ಹೋಲಿಸಿ ನೋಡಿಸುತ್ತಿದ್ದರು, ಆಮೇಲೆ ಅಡ್ಡ ಗುಣಾಕಾರ. ಮಕ್ಕಳು ಉತ್ತರ ಕೂಗಿದರೂ ಬಿಡುತ್ತಿರಲಿಲ್ಲ. "ದೊಡ್ಡದು ಯಾವುದಂತ ಗೊತ್ತಾತು. ಎಷ್ಟು ದೊಡ್ಡದು? ಛೇದ ಒಂದು ಮಾಡಿ ಹೇಳ್ರಿ." ಹೆಡ್‌ಮಾಸ್ತರರು ಪಾಠ ಮುಗಿಯುವುದಿಲ್ಲವೆಂದು ಗೊಣಗುತ್ತಿದ್ದರು.

ನಿವೃತ್ತರಾಗುವ ಮುಂಚೆ ಒಮ್ಮೆ ನಾವಿಬ್ಬರೂ ಬೆಂಗಳೂರಿಗೆ ಹೋದಾಗ ಸಣ್ಣಕ್ಕನ ಕೋಣೆ ಹುಡುಕಿಕೊಂಡು ಹೋದೆವು. ಭಾನುವಾರ. ಅವಳು ಬಟ್ಟೆ ಒಗೆಯುತ್ತಿದ್ದಳು. ಕೈ ಒರೆಸಿಕೊಂಡು ಓಡಿಬಂದಳು, ಟೀ ಮಾಡಿದಳು, ಊರಿನವರನ್ನೆಲ್ಲ ವಿಚಾರಿಸಿದಳು. ಹೊರಡುವಾಗ ಕೇಳಿದಳು: "ಸಾರ್, ನಾನು ಅಷ್ಟು ದಡ್ಡಿ ಆಗಿದ್ನಾ? ಕೆಂಪಕ್ಕನಿಗಿಂತ ಬಲು ಹಿಂದೆ ಇದ್ದೆ ಅಂದ್ಕೊಂಡೇ ಸುಮ್ಕಾದೆ."

ಅವರ ಮುಖ ಅರಳಿತು. ಸಮಾಧಾನ ಹೇಳಲು ಅವರು ಅಷ್ಟು ವರ್ಷ ಕಾದಿದ್ದರು. "ಇಲ್ಲವ್ವಾ, ಹಿಂದೆಲ್ಲಿ ಇದ್ದಿ? ಎಪ್ಪತ್ತರಾಗ ಒಂದು ಪಾಲು ಕಮ್ಮಿ, ಅಷ್ಟ."

ಸಣ್ಣಕ್ಕ ಅವರನ್ನೇ ನೋಡಿದಳು. "ಅಷ್ಟೇನಾ ಸಾರ್?" ಅಂದಳು. ಕೈಯಲ್ಲಿದ್ದ ಲೋಟ ಕೆಳಗಿಟ್ಟು ಬಾಗಿಲಿಗೆ ಒರಗಿ ಅತ್ತಳು.

ಸಂಜೆ ಊರಿನ ಬಸ್ಸು ಹತ್ತಿದೆವು. ಹಿಂದೂಪುರ ದಾಟಿದ ಮೇಲೆ, "ಸುಳ್ಳು ಹೇಳಬೇಕಾಗಿತ್ತೇನ್ರಿ?" ಎಂದು ಕೇಳಿದರು. ನಿಮ್ಮ ಲೆಕ್ಕ ಸರಿ ಇತ್ತು ಎಂದೆ. ಕೊನೆಯ ಸಲ ರಾಯದುರ್ಗದ ಮನೆಯಲ್ಲಿ ಹಾಸಿಗೆ ಹಿಡಿದಾಗಲೂ ಅದನ್ನೇ ಹೇಳಿದೆ.

"ಸರಿ ಇತ್ತು, ಹೌದ್ರಿ," ಅಂದರು, ಗೋಡೆಯ ಕಡೆ ಹೊರಳಿ.